ಎಂಟು ಕೆಜಿ ತೌಡು

ಪುಕ್ಕಟೆ ಎಂದು ಯಾರಾದರೂ ಅಂದರೆ ನನಗೆ ಈಗ ಮೊದಲು ಮೈ ಉರಿಯುತ್ತದೆ, ಆಮೇಲೆ ನಗು ಬರುತ್ತದೆ. ಎರಡಕ್ಕೂ ಕಾರಣ ರಾಣೆಬೆನ್ನೂರಿನ ಹೊರವಲಯದ ಒಂದು ಅಕ್ಕಿ ಗಿರಣಿ.

ನಾನು ಮೇಡ್ಲೇರಿಗೆ ಸೊಸೆಯಾಗಿ ಬಂದವಳು. ಬಿ.ಎ. ಓದಿದ್ದೆ ಎಂಬ ಒಂದೇ ಕಾರಣಕ್ಕೆ ಊರ ಹೆಣ್ಣುಮಕ್ಕಳ ಸಂಘದವರು ಲೆಕ್ಕದ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದರು. ನಾನು ಓದಿದ್ದು ಇತಿಹಾಸ ಎಂದು ಹೇಳಲು ಬಾಯಿ ತೆರೆದವಳು, ಅವರ ಮುಖದ ಮೇಲಿನ ನಂಬಿಕೆ ನೋಡಿ ಸುಮ್ಮನಾದೆ. ಹನ್ನೆರಡು ಜನರ ಸಂಘ. ಎಲ್ಲರ ಮನೆಯಲ್ಲೂ ಹೊಳೆಯ ನೀರಿನ ಗದ್ದೆ, ಎಲ್ಲರ ಮನೆಯಲ್ಲೂ ಭತ್ತ. ಭತ್ತವನ್ನು ಭತ್ತವಾಗಿಯೇ ಪೇಟೆಗೆ ಕೊಡುವ ಬದಲು ಅಕ್ಕಿ ಮಾಡಿಸಿ ಮಾರೋಣ ಎಂದು ಸಭೆಯಲ್ಲಿ ಮೊದಲು ಹೇಳಿದವಳು ನಾನೇ. ಆ ಮಾತು ಆಡುವಾಗ ನನ್ನ ಗತ್ತು ನೋಡಬೇಕಿತ್ತು.

ಮೊದಲ ವರ್ಷ ನಾನು ಮಾಡಿದ ಲೆಕ್ಕವನ್ನು ಇಲ್ಲಿ ನಾಚಿಕೆ ಬಿಟ್ಟು ಬರೆಯುತ್ತೇನೆ. ಭತ್ತ ಕೆಜಿಗೆ ಇಪ್ಪತ್ತೆರಡು ರೂಪಾಯಿ. ನೂರು ಕೆಜಿ ಭತ್ತ ಹಾಕಿದರೆ ಅರವತ್ತೈದು ಕೆಜಿ ಅಕ್ಕಿ ಬರುತ್ತದೆ, ಮೂವತ್ತೈದು ಕೆಜಿ ಹೊಟ್ಟು, ತೌಡು, ಧೂಳು ಎಂದು ಹೋಗುತ್ತದೆ. ನೂರಕ್ಕೆ ಮೂವತ್ತೈದು ಹೋಗುವುದಾದರೆ ದರಕ್ಕೆ ನೂರಕ್ಕೆ ಮೂವತ್ತೈದು ಸೇರಿಸಿದರಾಯಿತು ಎಂದು ನನ್ನ ತಲೆ ಹೇಳಿತು. ಇಪ್ಪತ್ತೆರಡಕ್ಕೆ ಏಳು ರೂಪಾಯಿ ಎಪ್ಪತ್ತು ಪೈಸೆ ಸೇರಿಸಿದೆ. ಇಪ್ಪತ್ತೊಂಬತ್ತು ಎಪ್ಪತ್ತು ಆಯಿತು. ಗಿರಣಿಯವರು ಕೂಲಿ ಪುಕ್ಕಟೆ ಎಂದಿದ್ದರಿಂದ ಮತ್ತೇನೂ ಸೇರಿಸಲಿಲ್ಲ. ಮೂವತ್ತೆರಡಕ್ಕೆ ಕೊಟ್ಟರೆ ಕೆಜಿಗೆ ಎರಡು ರೂಪಾಯಿಗೂ ಮೇಲೆ ಲಾಭ ಎಂದು ಸಭೆಯಲ್ಲಿ ಸಾರಿದೆ. ಮೊಬೈಲಿನಲ್ಲಿ ಮಾಡಿದ ಲೆಕ್ಕವಾದ್ದರಿಂದ ಯಾರೂ ಅನುಮಾನಪಡಲಿಲ್ಲ. ಮೊಬೈಲಿನ ತಪ್ಪೇನೂ ಇರಲಿಲ್ಲ, ಒತ್ತಿದ್ದನ್ನೇ ಅದು ಕೂಡಿಸಿ ಕೊಟ್ಟಿತ್ತು.

ಹಾವೇರಿಯ ಒಬ್ಬ ವ್ಯಾಪಾರಿ ಮೂವತ್ತೆರಡು ಅಂದ ಕೂಡಲೇ ಒಂದು ಪೈಸೆ ಚೌಕಾಸಿ ಮಾಡದೆ ಮೂವತ್ತು ಕ್ವಿಂಟಲ್ ಅಕ್ಕಿ ಎತ್ತಿಕೊಂಡು ಹೋದ. ಅವನು ಚೌಕಾಸಿ ಮಾಡದಿದ್ದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಕೈಗೆ ಬಂದ ದುಡ್ಡನ್ನು ಭತ್ತ ಕೊಟ್ಟವರಿಗೆ ಹಂಚಲು ಕುಳಿತಾಗ. ಐದೂವರೆ ಸಾವಿರಕ್ಕೂ ಹೆಚ್ಚು ದುಡ್ಡು ಕಡಿಮೆ ಬಿತ್ತು. ಮೂರು ಸಲ ಎಣಿಸಿದೆ. ನೋಟು ಕಳೆದಿರಲಿಲ್ಲ. ನೂರು ಕೆಜಿ ಭತ್ತಕ್ಕೆ ಕೊಟ್ಟ ಎರಡು ಸಾವಿರದ ಇನ್ನೂರು ರೂಪಾಯಿಯನ್ನು ಅದರಿಂದ ಬಂದ ಅರವತ್ತೈದು ಕೆಜಿ ಅಕ್ಕಿಯೇ ಪೂರ್ತಿ ಹೊರಬೇಕು ಎಂಬುದು ಆಗ ತಲೆಗೆ ಹೋಯಿತು. ಕೂಡಿಸುವುದಲ್ಲ, ಭಾಗಿಸುವುದು. ಭಾಗಿಸಿದರೆ ಮೂವತ್ತಮೂರು ರೂಪಾಯಿ ಎಂಬತ್ತೈದು ಪೈಸೆ. ಅದನ್ನು ನಾನು ಮೂವತ್ತೆರಡಕ್ಕೆ ಮಾರಿ, ಮೇಲೆ ಚಹಾ ಕುಡಿಸಿ ಕಳಿಸಿದ್ದೆ.

ಸಂಘದ ಅಧ್ಯಕ್ಷೆ, ಗಂಡ ತೀರಿಕೊಂಡ ಮೇಲೆ ಆರು ಎಕರೆ ಒಬ್ಬಳೇ ನಿಂತು ಮಾಡಿಸಿದ ಗಟ್ಟಿ ಹೆಂಗಸು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೈ ಚಾಚಿ, "ಪುಸ್ತಕ ಇತ್ಲಾಗ ಕೊಡವಾ" ಅಂದಳು, ಅಷ್ಟೇ. ಒಂದು ವರ್ಷ ಪುಸ್ತಕ ಅವಳ ಮನೆಯ ಟ್ರಂಕಿನಲ್ಲಿತ್ತು. ನಾನು ಸಭೆಯಲ್ಲಿ ಚಾಪೆ ಹಾಸುವ, ಚಹಾ ಕೊಡುವ ಕೆಲಸಕ್ಕೆ ಇಳಿದೆ. ಬಿ.ಎ. ಚಹಾ ಎಂದು ಒಬ್ಬಳು ಹೆಸರಿಟ್ಟಳು. ನಾನೂ ನಕ್ಕೆ, ಆದರೆ ಒಳಗೊಳಗೇ ಕುದಿಯುತ್ತಿದ್ದೆ.

ಮರುವರ್ಷ ಸುಗ್ಗಿಯ ಹೊತ್ತಿಗೆ ಬ್ಯಾಡಗಿಯಿಂದ ಒಬ್ಬ ಖಾನಾವಳಿಯ ಅಕ್ಕ ಬಂದಳು. ಮೆಣಸಿನಕಾಯಿ ಪೇಟೆ ಶುರುವಾದರೆ ಅಲ್ಲಿ ಹಮಾಲರು, ಲಾರಿಯವರು, ಕಾಯಿ ತಂದ ರೈತರು, ಎಲ್ಲರಿಗೂ ಊಟ ಬೇಕು. ಅವಳಿಗೆ ಐವತ್ತು ಕ್ವಿಂಟಲ್ ಅಕ್ಕಿ ಬೇಕಿತ್ತು. ಗಿರಣಿಯ ಬಾಗಿಲಿಗೆ ತನ್ನದೇ ಗಾಡಿ ತರುತ್ತೇನೆ, ಖಾಲಿ ಚೀಲವೂ ತನ್ನದೇ ಎಂದಳು.

"ಹಾವೇರ್ಯಾಗ ಸಗಟು ಅಂಗಡಿಯವ್ರು ಮೂವತ್ತೇಳಕ್ಕ ಕೊಡತಾರ. ನೀವು ಮೂವತ್ತಾರೂವರಿಗೆ ಕೊಟ್ರ ನಿಮ್ಮ ಕಡೆ ತಗೋತೀನಿ. ಬುಧವಾರ ಸಂಜೀಗೆ ನನಗ ಹೂಂ ಅಥವಾ ಇಲ್ಲ ಅಂತ ಹೇಳ್ಬೇಕ್ರಿ, ಆಮ್ಯಾಲೆ ನಾ ಕಾಯಂಗಿಲ್ಲ" ಅಂದಳು.

ಅಧ್ಯಕ್ಷೆ ನನ್ನ ಕಡೆ ನೋಡಲೂ ಇಲ್ಲ. ಈ ವರ್ಷ ಭತ್ತ ಗಿರಣಿಗೆ ಮುಟ್ಟಿಸಿ ಕ್ವಿಂಟಲಿಗೆ ಎರಡು ಸಾವಿರದ ನಾಲ್ಕು ನೂರು ಬೀಳುತ್ತಿತ್ತು. ಹೋದ ವರ್ಷದ ಪೆಟ್ಟಿನಿಂದ ಭಾಗಾಕಾರ ಅಷ್ಟರಲ್ಲಿ ಇಡೀ ಸಂಘಕ್ಕೆ ಬಂದಿತ್ತು. ಎರಡು ಸಾವಿರದ ನಾಲ್ಕು ನೂರನ್ನು ಅರವತ್ತೈದರಿಂದ ಭಾಗಿಸಿದರೆ ಮೂವತ್ತಾರು ರೂಪಾಯಿ ತೊಂಬತ್ತೆರಡು ಪೈಸೆ. ಕೆಜಿಗೆ ನಲವತ್ತೆರಡು ಪೈಸೆ ನಷ್ಟ.

"ಪುಕ್ಕಟೆ ಗಿರಣಿ ಹಾಕಿಸಿದ್ರೂ ಹೊಂದಂಗಿಲ್ಲ. ಬಿಟ್ಟು ಬಿಡ್ರಿ. ಭತ್ತ ಪ್ಯಾಟಿಗೆ ಕೊಡೂಣು, ಇನ್ನ ಮ್ಯಾಲ ಈ ಅಕ್ಕಿ ಮಾತು ಬ್ಯಾಡ" ಎಂದಳು ಅಧ್ಯಕ್ಷೆ.

ನಾನು ಚಹಾದ ತಟ್ಟೆ ಕೆಳಗಿಟ್ಟೆ. ಒಂದು ವರ್ಷ ನಾನು ಸುಮ್ಮನೆ ಕುಳಿತಿರಲಿಲ್ಲ. ನಮ್ಮ ಕಡೆ ಗಿರಣಿಯ ಪದ್ಧತಿ ಹಳೆಯದು: ಭತ್ತ ಒಯ್ದು ಹಾಕುತ್ತೀರಿ, ಅಕ್ಕಿ ಹೊತ್ತು ತರುತ್ತೀರಿ, ಹೊಟ್ಟು ತೌಡು ಎರಡೂ ಗಿರಣಿಗೆ ಬಿಡುತ್ತೀರಿ, ಕೂಲಿ ಕೊಡುವುದಿಲ್ಲ. ಅದಕ್ಕೇ ಪುಕ್ಕಟೆ ಎನ್ನುವುದು. ಆ ತೌಡು ಎಷ್ಟು ತೂಗುತ್ತದೆ ಎಂದು ನಮ್ಮ ಊರಲ್ಲಿ ಯಾರೂ ಕೇಳಿದ್ದಿಲ್ಲ. ನಾನು ಆ ವರ್ಷ ಗಿರಣಿಗೆ ಹೋದಾಗಲೆಲ್ಲ ತೌಡು ಬೀಳುವ ಬಾಯಿಯ ಹತ್ತಿರವೇ ನಿಂತು ಬರುತ್ತಿದ್ದೆ.

"ಯಕ್ಕಾ, ಕೂಲಿ ಕೊಟ್ಟು ತೌಡು ನಾವ ತರೂಣ್ರಿ" ಅಂದೆ. "ಕ್ವಿಂಟಲ್ ಭತ್ತಕ್ಕ ಕೂಲಿ ನೂರಾ ಇಪ್ಪತ್ತ ಕೇಳತಾರ. ಎಂಟು ಕೆಜಿ ತೌಡ ಬೀಳತೈತಿ ಅಂತ ನನ್ನ ಅಂದಾಜು. ಅಂಗಡ್ಯಾಗ ತೌಡಿಗೆ ಇಪ್ಪತ್ತೆಂಟು ರೂಪಾಯಿ ಕೊಟ್ಟು ಎಮ್ಮಿಗೆ ಹಾಕಾಕತ್ತೇವಿ. ಇಪ್ಪತ್ತೈದಕ್ಕ ಕೊಟ್ರ ಇಲ್ಲೇ ಹನ್ನೆರಡು ಮನಿಯವ್ರೂ ತಗೋತೀರಿ ಇಲ್ಲೋ?"

ಎಲ್ಲರೂ ಹೌದೆಂದರು. ಎಮ್ಮೆ ಇಲ್ಲದ ಮನೆಯೇ ಇರಲಿಲ್ಲ. ಎಂಟು ಕೆಜಿಗೆ ಇನ್ನೂರು ರೂಪಾಯಿ. ನೂರಾ ಇಪ್ಪತ್ತು ಕೊಟ್ಟು ಇನ್ನೂರರ ಮಾಲು ತರುವುದು. ಭತ್ತದ ಎರಡು ಸಾವಿರದ ನಾಲ್ಕು ನೂರಕ್ಕೆ ಕೂಲಿ ಕೂಡಿಸಿ ತೌಡಿನ ಬೆಲೆ ಕಳೆದರೆ ಎರಡು ಸಾವಿರದ ಮುನ್ನೂರ ಇಪ್ಪತ್ತು ಉಳಿಯುತ್ತದೆ. ಅದನ್ನು ಅರವತ್ತೈದರಿಂದ ಭಾಗಿಸಿದರೆ ಅಕ್ಕಿ ಕೆಜಿಗೆ ಮೂವತ್ತೈದು ರೂಪಾಯಿ ಅರವತ್ತೊಂಬತ್ತು ಪೈಸೆ. ಮೂವತ್ತಾರೂವರೆಗೆ ಮಾರಿದರೆ ಎಂಬತ್ತೊಂದು ಪೈಸೆ ಲಾಭ.

ಅಧ್ಯಕ್ಷೆ ಸರಿಯಾದ ಪ್ರಶ್ನೆಯನ್ನೇ ಕೇಳಿದಳು. "ಅರವತ್ತೈದ ಬೀಳತೈತಿ ಅಂತ ಏನ್ ಗ್ಯಾರಂಟಿ? ಗಿರಣಿಯವ್ರು ಈ ಸಲದ ಭತ್ತ ಅರವತ್ತೆರಡರ ಮ್ಯಾಲ ಬರಂಗಿಲ್ಲ ಅಂತಾರ."

ಅದು ನನಗೂ ಗೊತ್ತಿತ್ತು. ಎಲ್ಲವೂ ಆ ಒಂದು ಅಂಕಿಯ ಮೇಲೆ ನಿಂತಿತ್ತು. ಅರವತ್ನಾಲ್ಕು ಬಿದ್ದರೂ ನಾಲ್ಕಾಣೆ ಉಳಿಯುತ್ತದೆ. ಅರವತ್ತಮೂರು ಬಿದ್ದರೆ ಮತ್ತೆ ನಷ್ಟ, ಮತ್ತೆ ಚಹಾದ ತಟ್ಟೆ. ಕೊನೆಗೆ ಐದು ಕ್ವಿಂಟಲ್ ಒಯ್ದು ಪರೀಕ್ಷೆ ಮಾಡುವುದು, ಅದರ ಮೇಲೆ ಬ್ಯಾಡಗಿಗೆ ಮಾತು ಕೊಡುವುದು ಎಂದು ತೀರ್ಮಾನವಾಯಿತು.

ಆ ಐದು ಕ್ವಿಂಟಲನ್ನು ಒಣಗಿಸಿದವಳು ನನ್ನ ಅತ್ತೆ. ಭತ್ತ ಹಸಿ ಇದ್ದರೆ ಅಕ್ಕಿ ಕಡಿಮೆ, ಬಿಸಿಲಿಗೆ ಅತಿಯಾಗಿ ಒಣಗಿದರೆ ಒಡೆದು ನುಚ್ಚು. ಅತ್ತೆ ತಾಸಿಗೊಮ್ಮೆ ಕಾಲಿನಿಂದ ಸಾಲು ಎಳೆದು ಭತ್ತ ತಿರುವುತ್ತಿದ್ದಳು, ನಡುವೆ ಒಂದೊಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಿದ್ದಳು. ಎರಡನೇ ದಿನ ಮಧ್ಯಾಹ್ನ ಕಟ್ ಎಂದು ಸದ್ದು ಬಂತು. "ಸಾಕು, ತುಂಬ್ರಿ" ಅಂದಳು. ತೇವ ಅಳೆಯುವ ಯಂತ್ರ ಗಿರಣಿಯಲ್ಲಿತ್ತು. ಅದೂ ಅವಳ ಹಲ್ಲಿನ ಮಾತನ್ನೇ ಹೇಳಿತು ಎಂದು ಆಮೇಲೆ ತಿಳಿಯಿತು.

ಬುಧವಾರ ಬೆಳಿಗ್ಗೆ ಗಿರಣಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದೆವು: ನಾನು, ಅಧ್ಯಕ್ಷೆ, ಅತ್ತೆ. ಮೊದಲ ಪಾಳಿ ನಮಗೇ ಬೇಕು ಎಂದು ಹಟ ಹಿಡಿದವಳು ನಾನು. ಬೇರೆಯವರ ಅಕ್ಕಿ ನಮ್ಮದರಲ್ಲಿ ಬೆರೆಯಬಾರದು, ಪರೀಕ್ಷೆ ಎಂದರೆ ಪರೀಕ್ಷೆ. ಅತ್ತೆ ಟ್ರ್ಯಾಕ್ಟರಿನಲ್ಲಿ ಬರುವಾಗಲೇ, "ಇಷ್ಟ ಲಗೂ ಯಾಕ? ಇಬ್ಬರದು ಮುಗೀಲಿ, ಆಮ್ಯಾಲೆ ಹಾಕೂಣು" ಎಂದು ಗೊಣಗಿದ್ದಳು. ವಯಸ್ಸಾದವರ ಆಲಸ್ಯ ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಿರಣಿಯ ಯಜಮಾನರು ಸಭ್ಯ ಮನುಷ್ಯ. "ಬರ್ರಿ, ಕುಂದ್ರಿ. ನಿನ್ನಿ ಸಂಜೀಗೆ ಇಡೀ ಮಷಿನ್ ಬಿಚ್ಚಿ ಸ್ವಚ್ಛ ಮಾಡೇವ್ರಿ, ಒಳಗ ಒಂದ ಕಾಳ ಇಲ್ಲ. ನಿಮ್ಮದ ಬೋಣಿಗಿ" ಅಂದರು. ತೌಡು ನಮಗೆ ಬೇಕು ಎಂದಾಗ ಅವರ ಹುಬ್ಬು ಸ್ವಲ್ಪ ಮೇಲೇರಿತು.

"ಯಾಕ್ರಿ ತಂಗಿ, ಪುಕ್ಕಟೆ ಹಾಕಿಕೊಡತೀನಿ ಅಂದ್ರ ಕೂಲಿ ಕೊಡತೀನಿ ಅಂತೀರಲ್ಲ?"

"ಪುಕ್ಕಟೆ ನಮಗ ತುಟ್ಟಿ ಆಗೇತ್ರಿ" ಅಂದೆ. ಅವರು ನಕ್ಕು ಕೆಲಸದವನಿಗೆ ತೌಡಿನ ಬಾಯಿಗೆ ನಮ್ಮ ಚೀಲ ಕಟ್ಟಲು ಹೇಳಿದರು.

ಮೊದಲು ಒಂದೇ ಕ್ವಿಂಟಲ್ ತೂಗಿ ಹಾಕಿಸಿದೆವು. ಮಷಿನ್ ಗುಡುಗುಡು ಶುರುವಾಯಿತು, ಭತ್ತ ಕೆಳಗಿನಿಂದ ಮೇಲೆ ಹತ್ತಿತು, ಎಷ್ಟೋ ಹೊತ್ತಿನ ಮೇಲೆ ಅಕ್ಕಿ ಇಳಿಯತೊಡಗಿತು. ನಿಂತಾಗ ತೂಕಕ್ಕೆ ಇಟ್ಟೆವು. ಅರವತ್ತೊಂದು ಕೆಜಿ. ತೌಡು ಏಳು.

ನಾನು ಗೋಡೆಗೆ ಒರಗಿದೆ. ಅಧ್ಯಕ್ಷೆ ತಾನೇ ಮೊಬೈಲು ತೆಗೆದು ಲೆಕ್ಕ ಮಾಡಿದಳು. ಎರಡು ಸಾವಿರದ ನಾಲ್ಕು ನೂರಕ್ಕೆ ನೂರ ಇಪ್ಪತ್ತು ಕೂಡಿಸಿ, ಏಳು ಕೆಜಿ ತೌಡಿನ ನೂರ ಎಪ್ಪತ್ತೈದು ಕಳೆದು, ಅರವತ್ತೊಂದರಿಂದ ಭಾಗಿಸಿದಳು. ಮೂವತ್ತೆಂಟು ರೂಪಾಯಿ ನಲವತ್ತನಾಲ್ಕು ಪೈಸೆ. ಒಂದು ಕೆಜಿಗೆ ಸುಮಾರು ಎರಡು ರೂಪಾಯಿ ಕೈಯಿಂದ ಹೋಗುತ್ತದೆ. ಅವಳು ಲೆಕ್ಕ ಮಾಡಿದ ರೀತಿಯಲ್ಲಿ ಒಂದು ತಪ್ಪೂ ಇರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು.

"ಉಳಿದ ನಾಲ್ಕು ಕ್ವಿಂಟಲ್ ಟ್ರ್ಯಾಕ್ಟರಿಗೆ ಹೇರ್ರಿ. ಬ್ಯಾಡಗಿಯವ್ವಗ ನಾ ಫೋನ್ ಮಾಡತೀನಿ" ಅಂದಳು.

ಅಲ್ಲಿಯವರೆಗೆ ಚೀಲದ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಅತ್ತೆ ಎದ್ದು ನಿಂತಳು. "ಫೋನ್ ಒಳಗ ಇಡು" ಅಂದಳು ಅಧ್ಯಕ್ಷೆಗೆ. ಆಮೇಲೆ ಯಜಮಾನರ ಕಡೆ ತಿರುಗಿದಳು. "ಏನ್ರೀ ಯಪ್ಪಾ, ನೂರು ಕೆಜಿ ಹಾಕೇವಿ. ಅರವತ್ತೊಂದು ಅಕ್ಕಿ, ಏಳು ತೌಡು ಕೊಟ್ರಿ. ಹೊಟ್ಟು ಎಷ್ಟ ಬಿತ್ತು ತೂಗಿ ತೋರಸ್ರಿ."

ಹೊಟ್ಟು ತೂಗುವ ಮಾತು ಆ ಗಿರಣಿಯಲ್ಲಿ ಯಾರೂ ಆಡಿದ್ದಿಲ್ಲ. ಆದರೂ ತೂಗಿದರು. ಇಪ್ಪತ್ತನಾಲ್ಕು. ಅತ್ತೆ ಶಾಲೆಗೆ ಹೋದವಳಲ್ಲ, ಬೆರಳ ಗೆಣ್ಣಿನ ಮೇಲೆ ಕೂಡಿಸಿದಳು. ಅರವತ್ತೊಂದು, ಏಳು, ಇಪ್ಪತ್ತನಾಲ್ಕು. ತೊಂಬತ್ತೆರಡು.

"ಧೂಳಿಗೆ ಒಂದೆರಡು ಕೆಜಿ ಹೋಗಲಿ. ಉಳದದ್ದು ಎಲ್ಲಿ ಐತಿ?"

ಯಜಮಾನರು ಒಂದು ಕ್ಷಣ ಮಷಿನ್ ಕಡೆ ನೋಡಿದರು. ಅತ್ತೆ ಉತ್ತರಕ್ಕೆ ಕಾಯಲಿಲ್ಲ. "ಅದರ ಹೊಟ್ಯಾಗ ಐತಿ. ನಲವತ್ತು ವರ್ಷ ಆತು ಗಿರಣಿಗೆ ಬರಾಕತ್ತು, ಮೊದಲನೇ ಪಾಳಿಗೆ ನಾ ಎಂದೂ ಹಾಕಿಲ್ಲ. ಖಾಲಿ ಮಷಿನ್ನು ಮೊದಲ ಬಂದವನ ಭತ್ತದಾಗ ತನ್ನ ಪಾಲು ಹಿಡಕೊಂತೈತಿ. ಎರಡನೇದವ ಬಂದಾಗ ಅದು ಹೊರಗ ಬರತೈತಿ, ಅವಂದು ಒಳಗ ಕುಂದರತೈತಿ. ಅದಕ್ಕ ನಾ ಲಗೂ ಬ್ಯಾಡ ಅಂದದ್ದು. ಈಕಿ ಕೇಳ್ಬೇಕಲ್ಲ."

ಈಕಿ ಎಂದರೆ ನಾನು. ನನ್ನ ಪರೀಕ್ಷೆಯನ್ನು ಕೆಡಿಸಿದ್ದು ನನ್ನ ಪರೀಕ್ಷೆಯ ಹಟವೇ.

"ಖರೇ ಐತ್ರಿ" ಎಂದರು ಯಜಮಾನರು. ಕಳ್ಳತನ ಮಾಡಿದ ಮುಖ ಅವರದಾಗಿರಲಿಲ್ಲ, ದಿನಾ ಕಣ್ಣ ಮುಂದೆ ನಡೆಯುವುದನ್ನು ಯಾರೋ ಎತ್ತಿ ತೋರಿಸಿದಾಗಿನ ಮುಖ. "ಒಂದ ಕ್ವಿಂಟಲ್ ಹಾಕಿ ಇಳುವರಿ ನೋಡಬಾರದ್ರಿ. ಐದೂ ಹಾಕಸ್ರಿ. ಕಡೀಕ ಮಷಿನ್ ಪೂರ್ತಿ ಖಾಲಿ ಮಾಡಿ ಕೊಡತೀನಿ, ಎಲ್ಲಾ ಕೂಡಿ ತೂಗ್ರಿ."

ಅಧ್ಯಕ್ಷೆ ಫೋನನ್ನು ಸೆರಗಿನ ಗಂಟಿಗೆ ಸೇರಿಸಿದಳು.

ಉಳಿದ ನಾಲ್ಕು ಕ್ವಿಂಟಲ್ ಇಳಿಯುವವರೆಗೆ ನಾನು ಕುಳಿತುಕೊಳ್ಳಲಿಲ್ಲ. ಕೆಲಸದವನು ಮಷಿನ್ ನಿಲ್ಲಿಸಿ, ಮೇಲೆ ಹತ್ತಿಸುವ ಬಕೆಟ್ಟುಗಳ ಕೆಳಗಿನ ತಗಡು ಬಿಚ್ಚಿ, ಅಲ್ಲಿ ನಿಂತಿದ್ದ ಭತ್ತವನ್ನೂ ಬಾಚಿ ಮತ್ತೆ ಹಾಕಿ ಕೊನೆಯ ಕಾಳಿನವರೆಗೆ ಓಡಿಸಿದ. ಅಕ್ಕಿ ತೂಕಕ್ಕೆ ಬಂತು. ಚೀಲದ ಮೇಲೆ ಚೀಲ ಇಡುತ್ತ ಹೋದರು. ಇನ್ನೂರ ಅರವತ್ನಾಲ್ಕು ಕೆಜಿ. ಮೊದಲಿನ ಅರವತ್ತೊಂದು ಕೂಡಿಸಿದರೆ ಮುನ್ನೂರ ಇಪ್ಪತ್ತೈದು. ಐದರಿಂದ ಭಾಗಿಸಲು ಈ ಸಲ ನನಗೆ ಮೊಬೈಲು ಬೇಕಾಗಲಿಲ್ಲ.

ಅರವತ್ತೈದು.

ತೌಡು ಮೂವತ್ತಮೂರು ಬಿತ್ತು, ಮೊದಲಿನ ಏಳು ಸೇರಿ ನಲವತ್ತು. ಕ್ವಿಂಟಲಿಗೆ ಎಂಟು, ನಾನು ವರ್ಷವಿಡೀ ಆ ಬಾಯಿಯ ಹತ್ತಿರ ನಿಂತು ಕಟ್ಟಿದ ಅಂದಾಜು. ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆ. ಭತ್ತಕ್ಕೆ ಹನ್ನೆರಡು ಸಾವಿರ, ಕೂಲಿ ಆರು ನೂರು, ತೌಡಿನದು ಒಂದು ಸಾವಿರ ಕಳೆದು ಹನ್ನೊಂದು ಸಾವಿರದ ಆರು ನೂರು. ಮುನ್ನೂರ ಇಪ್ಪತ್ತೈದರಿಂದ ಭಾಗಿಸಿ, ಮೂವತ್ತೈದು ಅರವತ್ತೊಂಬತ್ತು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಸಂತೋಷದ ಅವಸರದಲ್ಲಿ ಎರಡನೇ ಗೆರೆ ಸೊಟ್ಟಗಾಯಿತು. ಅದು ಇನ್ನೂ ಆ ಗೋಡೆಯ ಮೇಲಿದೆ.

ಅಧ್ಯಕ್ಷೆ ಗೋಡೆಯನ್ನು ಓದಿದಳು, ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು. ಫೋನು ತೆಗೆದು ಬ್ಯಾಡಗಿಗೆ ಹಚ್ಚಿದಳು. "ಹೂಂ ಯವ್ವಾ, ಮೂವತ್ತಾರೂವರಿ. ಗಾಡಿ ಕಳಸು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಪುಸ್ತಕ ಟ್ರಂಕಿನ್ಯಾಗ ಐತಿ, ಹೋಗೂ ಮುಂದ ತಗೊಂಡು ಹೋಗು. ನಾಳೆಯಿಂದ ಚಹಾ ನಾ ಮಾಡತೀನಿ" ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯಿಲ್ಲ.

ಆ ಐವತ್ತು ಕ್ವಿಂಟಲ್ ಮುಗಿಯುವಾಗ ಸಂಘಕ್ಕೆ ನಾಲ್ಕು ಸಾವಿರ ಚಿಲ್ಲರೆ ಉಳಿಯಿತು. ದೊಡ್ಡ ದುಡ್ಡಲ್ಲ. ಆದರೆ ಹನ್ನೆರಡು ಮನೆಯ ಎಮ್ಮೆಗಳು ತಮ್ಮದೇ ಗದ್ದೆಯ ತೌಡು ತಿಂದವು. ತೌಡು ಹೆಚ್ಚು ದಿನ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ, ಹಾಗಾಗಿ ಗಿರಣಿಯಿಂದ ಬಂದ ದಿನವೇ ಹಂಚಿಬಿಡುತ್ತಿದ್ದೆವು. ಮುಂದಿನ ವರ್ಷವೂ ಬರುತ್ತೇನೆಂದು ಖಾನಾವಳಿಯ ಅಕ್ಕ ಹೇಳಿ ಕಳಿಸಿದಳು.

ಒಂದು ಸಂಜೆ ಎಮ್ಮೆಗೆ ತೌಡು ಕಲೆಸುತ್ತಿದ್ದ ಅತ್ತೆ ತಟ್ಟನೆ ಕೈ ನಿಲ್ಲಿಸಿ ಕೇಳಿದಳು. "ನಮ್ಮ ಮನಿಗೆ ಉಣ್ಣಾಕ ವರ್ಷಕ್ಕ ಹತ್ತು ಕ್ವಿಂಟಲ್ ಭತ್ತ ಹಾಕಸ್ತಿದ್ದೆ. ನಲವತ್ತು ವರ್ಷ. ಹಂಗಾರ ಎಷ್ಟ ತೌಡು ಬಿಟ್ಟು ಬಂದೇನಿ?"

ಹೇಳಲೋ ಬೇಡವೋ ಎಂದು ಯೋಚಿಸಿದೆ. "ಮೂವತ್ತೆರಡು ಕ್ವಿಂಟಲ್ ಆಗತೈತ್ರಿ ಅತ್ತಿ."

"ಕೂಲಿ ಕಳದು, ರೊಕ್ಕದಾಗ?"

"ಇವತ್ತಿನ ದರದಾಗ ಮೂವತ್ತೆರಡು ಸಾವಿರ."

ಅತ್ತೆ ಎಮ್ಮೆಯ ಮುಖ ನೋಡಿದಳು. ಅಷ್ಟೂ ವರ್ಷ ಗಿರಣಿಗೆ ತೌಡು ಬಿಟ್ಟು, ಅದರ ಎದುರಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಅದೇ ತೌಡನ್ನು ಹೊತ್ತು ತಂದವಳು ಅವಳು. ಬೈಯುತ್ತಾಳೇನೋ ಎಂದುಕೊಂಡೆ. ಅವಳು ಗೋಡೆ ಹಿಡಿದು ನಗತೊಡಗಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಮರುವಾರ ಮನೆಯ ಭತ್ತ ಹೇರಿಕೊಂಡು ಅವಳೇ ಗಿರಣಿಗೆ ಹೊರಟಳು, ಜೊತೆಗೆ ನಾನು. ಬೇಗ ಮುಟ್ಟಿದೆವು, ಬಾಗಿಲು ಆಗಷ್ಟೇ ತೆರೆದಿತ್ತು. ಅತ್ತೆ ಇಬ್ಬರನ್ನು ಮುಂದೆ ಬಿಟ್ಟು ನೆರಳಿನಲ್ಲಿ ಕುಳಿತು ಎಲೆ ಅಡಿಕೆ ಹಾಕಿದಳು. ಮೂರನೇ ಪಾಳಿಗೆ ಎದ್ದು, ಬಗಲಲ್ಲಿದ್ದ ಖಾಲಿ ಚೀಲವನ್ನು ಕೊಡವಿ ತಾನೇ ತೌಡಿನ ಬಾಯಿಗೆ ಕಟ್ಟಿದಳು.

"ಕೂಲಿ ಎಷ್ಟ ಆಗತೈತಿ ಹೇಳ್ರಿ ಯಪ್ಪಾ" ಅಂದಳು ಯಜಮಾನರಿಗೆ. "ತೌಡು ನಂದು."